5 ಲಕ್ಷದ ಟೀ ಫ್ರಾಂಚೈಸಿಯೋ, ನಮ್ಮದೇ ಅಂಗಡಿಯೋ?

ಪ್ರಶ್ನೆ: ಸರ್, ಪೀಣ್ಯದಲ್ಲಿ 11 ವರ್ಷ ಕೆಲಸ ಮಾಡಿ ಈಗ ಊರಿಗೆ, ಹಾಸನಕ್ಕೆ, ವಾಪಸ್ ಬಂದಿದ್ದೇನೆ. ಪಿಎಫ್ ಸೇರಿ ಕೈಯಲ್ಲಿ 9 ಲಕ್ಷ ಇದೆ. ಒಂದು ಟೀ ಬ್ರ್ಯಾಂಡಿನವರು 5 ಲಕ್ಷಕ್ಕೆ ಫ್ರಾಂಚೈಸಿ ಕೊಡುತ್ತಾರಂತೆ. ರಾಯಲ್ಟಿ ಇಲ್ಲ, ತಿಂಗಳಿಗೆ 60 ಸಾವಿರ ಲಾಭ ಬಂದೇ ಬರುತ್ತದೆ ಅಂತಾರೆ. ನನ್ನ ಭಾಮೈದ ಹೋಟೆಲಲ್ಲಿ ಕೆಲಸ ಮಾಡಿದವನು. ದುಡ್ಡು ಸುಮ್ನೆ ಅವರಿಗ್ಯಾಕೆ ಕೊಡಬೇಕು, ನಾವೇ ಟೀ-ಕಾಫಿ ಅಂಗಡಿ ಹಾಕೋಣ ಅಂತಾನೆ. ಯಾವುದು ಸರಿ?

ಉತ್ತರ: ಮೊದಲು ಆ 5 ಲಕ್ಷವನ್ನು ಬಿಚ್ಚಿ ನೋಡೋಣ. ಅವರು ಕೊಟ್ಟ ಬಣ್ಣದ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದಿರುತ್ತದೆ, ಅದನ್ನು ಓದಿ. "ಜಿಎಸ್‌ಟಿ ಪ್ರತ್ಯೇಕ" ಅಂತ ಇದ್ದೇ ಇರುತ್ತದೆ. ನಾನು ಸಣ್ಣ ಹೋಟೆಲು, ಬೇಕರಿಗಳ ಲೆಕ್ಕ ಬರೆಯುವವನು. ಇಂಥ ಕಾಗದ ವರ್ಷಕ್ಕೆ ಐದಾರು ನನ್ನ ಮೇಜಿಗೆ ಬರುತ್ತವೆ, ಹೆಚ್ಚು ಕಮ್ಮಿ ಎಲ್ಲವೂ ಒಂದೇ ಥರ ಇರುತ್ತವೆ. ಅರ್ಧ ಫ್ರಾಂಚೈಸಿ ಫೀ, ಇನ್ನರ್ಧ ಕೌಂಟರು, ಬೋರ್ಡು, ಮಷೀನುಗಳ ಸೆಟಪ್. ನಿಮ್ಮದೂ ಹಾಗೇ ಇದೆ ಅಂತ ಇಟ್ಟುಕೊಳ್ಳುತ್ತೇನೆ, ಎರಡೂವರೆ ಲಕ್ಷ ಫೀ, ಎರಡೂವರೆ ಲಕ್ಷ ಸೆಟಪ್.

ಫೀ ಮೇಲೆ 18% ಜಿಎಸ್‌ಟಿ. ಸೆಟಪ್ ಸಾಮಾನಿನ ಮೇಲೂ ಬಹುತೇಕ ಅಷ್ಟೇ. ಅಲ್ಲಿಗೆ 90 ಸಾವಿರ ಜಾಸ್ತಿ ಆಯಿತು. ಆಮೇಲೆ ಕ್ಲೇಮ್ ಮಾಡಿಕೊಳ್ಳಬಹುದು ಸರ್ ಅಂತ ಮಾರ್ಕೆಟಿಂಗ್ ಹುಡುಗ ಹೇಳುತ್ತಾನೆ, ನಂಬಬೇಡಿ. ಇಂಥ ಟೀ, ತಿಂಡಿ ಅಂಗಡಿ 5% ದರದಲ್ಲಿ ಜಿಎಸ್‌ಟಿ ಕಟ್ಟುತ್ತದೆ, ಆ ದರದಲ್ಲಿ ಕಟ್ಟುವವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಅವಕಾಶ, ಇಲ್ಲ. ಆ 90 ಸಾವಿರ ಹೋಯಿತು ಅಂತಲೇ ಲೆಕ್ಕ. ಅಂಗಡಿಯ ಅಡ್ವಾನ್ಸ್ ಅವರ ಕಾಗದದಲ್ಲಿ ಇರುವುದೇ ಇಲ್ಲ. ತಿಂಗಳಿಗೆ 15 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಒಂದೂವರೆ ಲಕ್ಷ. ವೈರಿಂಗ್, ನಲ್ಲಿ, ಸಿಂಕು, ಬಣ್ಣ, ಶಟರ್ ರಿಪೇರಿಗೆ ಒಂದು 60 ಸಾವಿರ. ಮೊದಲ ಸಲದ ಮಾಲು, ಅಂದರೆ ಅವರ ಪುಡಿ, ಅವರ ಮಸಾಲೆ, ಅವರ ಹೆಸರಿನ ಕಪ್ಪು, ಅದಕ್ಕೆ 50 ಸಾವಿರ.

ಒಟ್ಟು ಎಂಟೂವರೆ ಲಕ್ಷ ಆಯಿತು. ಶಟರ್ ಎತ್ತುವ ದಿನ ನಿಮ್ಮ ಹತ್ತಿರ ಉಳಿಯುವುದು 50 ಸಾವಿರ.

ಈ 50 ಸಾವಿರ ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೇ ವಾಪಸ್ ಬರುತ್ತೇನೆ.

ಈಗ ಒಂದು ಕಪ್ ಟೀ ತೆಗೆದುಕೊಳ್ಳೋಣ. ನಾನು ಹೇಳುವ ರೇಟು ಅಂದಾಜಿನದು, ನಿಮ್ಮ ಬೀದಿಯ ರೇಟು ಹಾಕಿಕೊಂಡು ನೀವೇ ಇನ್ನೊಂದು ಸಲ ಕೂಡಿಸಿ. ಮಾಮೂಲಿ ಅಳತೆಯ ಕಪ್ಪಿಗೆ 60 ಎಂಎಲ್ ಹಾಲು ಬೇಕು. ಲೀಟರ್ 50 ರೂಪಾಯಿ ಅಂದರೂ 3 ರೂಪಾಯಿ ಹಾಲಿಗೇ ಆಯಿತು. ಟೀ ಪುಡಿ 3 ಗ್ರಾಂ, ಕಿಲೋ 400ರ ಪುಡಿ ಆದರೆ 1 ರೂಪಾಯಿ 20 ಪೈಸೆ. ಸಕ್ಕರೆ, ಗ್ಯಾಸ್, ಪೇಪರ್ ಕಪ್, ಚೆಲ್ಲಿದ್ದು, ಒಡೆದಿದ್ದು ಎಲ್ಲಾ ಸೇರಿ ಇನ್ನೊಂದು 1 ರೂಪಾಯಿ 80 ಪೈಸೆ. ಒಟ್ಟು 6 ರೂಪಾಯಿ. ಸ್ವಂತ ಅಂಗಡಿಯಲ್ಲಿ ಇದನ್ನು 12 ರೂಪಾಯಿಗೆ ಮಾರಿದರೆ ಕಪ್ಪಿಗೆ 6 ಉಳಿಯುತ್ತದೆ.

ಫ್ರಾಂಚೈಸಿ ಅಂಗಡಿಯಲ್ಲೂ ಹಾಲು ಅದೇ, ಸಕ್ಕರೆ ಅದೇ, ಗ್ಯಾಸ್ ಅದೇ. ಬದಲಾಗುವುದು ಎರಡೇ. ಪುಡಿಯನ್ನು ಅವರಿಂದಲೇ ಕೊಳ್ಳಬೇಕು, ಕಪ್ಪನ್ನು ಅವರಿಂದಲೇ ಕೊಳ್ಳಬೇಕು. ಅವರ ಪುಡಿ ಕಿಲೋಗೆ 900 ಅಂತ ಇಟ್ಟುಕೊಳ್ಳಿ, ಕಪ್ಪಿಗೆ ಒಂದೂವರೆ ರೂಪಾಯಿ ಜಾಸ್ತಿ ಆಯಿತು. ಪೇಟೆಯಲ್ಲಿ 60 ಪೈಸೆಗೆ ಸಿಗುವ ಪೇಪರ್ ಕಪ್ಪು ಅವರ ಹೆಸರು ಅಚ್ಚಾದ ಮೇಲೆ 1 ರೂಪಾಯಿ 40 ಪೈಸೆ. ಅಲ್ಲಿಗೆ ಕಪ್ಪಿನ ಖರ್ಚು 6 ಅಲ್ಲ, 8 ರೂಪಾಯಿ 30 ಪೈಸೆ. ಈ ಹೆಚ್ಚುವರಿ 2 ರೂಪಾಯಿ 30 ಪೈಸೆಯನ್ನು 15 ರೂಪಾಯಿಯ ಟೀಗೆ ಹೋಲಿಸಿ ನೋಡಿ, 15% ಆಗುತ್ತದೆ. ರಾಯಲ್ಟಿ ಇಲ್ಲ ಅಂದರಲ್ಲ, ಅದು ಇಲ್ಲಿದೆ. ಬಿಲ್ಲಿನಲ್ಲಿ ರಾಯಲ್ಟಿ ಅಂತ ಬರೆದಿರುವುದಿಲ್ಲ, ಟೀ ಪುಡಿ ಅಂತ ಬರೆದಿರುತ್ತದೆ, ಅಷ್ಟೇ ವ್ಯತ್ಯಾಸ. ನಿಜ ಹೇಳಬೇಕೆಂದರೆ 6% ರಾಯಲ್ಟಿ ಅಂತ ನೇರವಾಗಿ ಕೇಳಿ, ಮಾಲನ್ನು ಎಲ್ಲಿಂದಾದರೂ ತಗೊಳ್ಳಿ ಅನ್ನುವ ಕಂಪನಿಯೇ ನನಗೆ ವಾಸಿ ಅನಿಸುತ್ತದೆ. ಅಲ್ಲಿ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ಅವರ ಹತ್ತಿರ ಕೇಳಬೇಕಾದ ಮೊದಲ ಕಾಗದ ಅಗ್ರಿಮೆಂಟ್ ಅಲ್ಲ, ಮಾಲಿನ ರೇಟ್ ಲಿಸ್ಟ್. ಸೈನ್ ಮಾಡಿದ ಮೇಲೆ ಕೊಡುತ್ತೇವೆ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೊಟ್ಟರೆ, ರೇಟು ವರ್ಷಕ್ಕೆ ಎಷ್ಟರ ಮೇಲೆ ಏರಿಸುವಂತಿಲ್ಲ ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಹೆಚ್ಚಿನವರು ಬರೆಯಲು ಒಪ್ಪುವುದಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ.

ಇನ್ನು 60 ಸಾವಿರದ ವಿಷಯ. ಟೀ ಮಾಸ್ಟರ್‌ಗೆ 18 ಸಾವಿರ, ಹೆಲ್ಪರ್ ಹುಡುಗನಿಗೆ 13 ಸಾವಿರ, ಬಾಡಿಗೆ 15 ಸಾವಿರ, ಕರೆಂಟು, ನೀರು, ರಿಪೇರಿ ಅಂತ 8 ಸಾವಿರ. ಒಂದು ಕಪ್ ಟೀ ಮಾರದಿದ್ದರೂ ತಿಂಗಳಿಗೆ 54 ಸಾವಿರ ಹೋಗುತ್ತದೆ. ಫ್ರಾಂಚೈಸಿಯಲ್ಲಿ 15 ರೂಪಾಯಿಯ ಕಪ್ಪಿಗೆ ಉಳಿಯುವುದು 6 ರೂಪಾಯಿ 70 ಪೈಸೆ. ಈ ಖರ್ಚು ದಾಟಿ 60 ಸಾವಿರ ಕೈಗೆ ಬರಬೇಕಾದರೆ ದಿನಕ್ಕೆ 567 ಕಪ್ ಹೋಗಬೇಕು, ತಿಂಗಳಿಗೆ ಮೂವತ್ತಕ್ಕೆ ಮೂವತ್ತು ದಿನ. ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ತೆರೆದಿಟ್ಟರೆ ಗಂಟೆಗೆ 40 ಕಪ್. ಮಧ್ಯಾಹ್ನ 2 ಗಂಟೆಗೆ ಟೀ ಅಂಗಡಿ ಹೇಗಿರುತ್ತದೆ ಅಂತ ಒಮ್ಮೆ ನೆನೆಸಿಕೊಳ್ಳಿ. ಬನ್ನು, ಸಮೋಸ, ಬಿಸ್ಕತ್ತಿನಿಂದ ಸ್ವಲ್ಪ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಅಲ್ಲೂ ಫ್ರೋಜನ್ ಮಾಲು ಅವರದೇ ಆಗಿದ್ದರೆ ಮೇಲಿನ ಕಥೆಯೇ ಇನ್ನೊಂದು ಸಲ.

ಈ 567 ಕಪ್ ಸಾಧ್ಯವೋ ಇಲ್ಲವೋ ಅಂತ ತಿಳಿಯಲು ಕಂಪನಿಯನ್ನು ಕೇಳಬೇಕಾಗಿಲ್ಲ. ಹಾಲನ್ನು ಕೇಳಿ. ಒಂದು ಲೀಟರ್ ಹಾಲಿಗೆ ಸುಮಾರು 16 ಕಪ್. 567 ಕಪ್ ಅಂದರೆ ದಿನಕ್ಕೆ 35 ಲೀಟರ್. ಆ ಬ್ರ್ಯಾಂಡಿನ ಅಂಗಡಿ ಈಗಾಗಲೇ ನಡೆಯುತ್ತಿರುವ ಊರಿಗೆ ಹೋಗಿ. ಬೆಂಗಳೂರು ಬೇಡ, ಮಂಡ್ಯವೋ ಚಿಕ್ಕಮಗಳೂರೋ ಚಿತ್ರದುರ್ಗವೋ, ಹಾಸನದ ಅಳತೆಗೆ ಹತ್ತಿರದ ಊರು. ಭಾನುವಾರ ಹೋಗಬೇಡಿ, ಮಂಗಳವಾರ ಹೋಗಿ. ಬೆಳಗಿನ ಜಾವ ಹಾಲು ಹಾಕುವವನನ್ನು ಮಾತಾಡಿಸಿ, ಈ ಅಂಗಡಿಗೆ ಎಷ್ಟು ಲೀಟರ್ ಇಳಿಸುತ್ತೀರಿ ಅಂತ ಕೇಳಿ. 12 ಲೀಟರ್ ಅಂದರೆ ಅಲ್ಲಿ 200 ಕಪ್ ಕೂಡ ಹೋಗುತ್ತಿಲ್ಲ. ಹಾಲಿನವನು ಹೇಳದಿದ್ದರೆ ಎದುರಿನ ಕಟ್ಟೆಯ ಮೇಲೆ ಕೂತು ಬೆಳಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಎಣಿಸಿ. ಬೇಜಾರಿನ ಕೆಲಸ, ಆದರೆ 9 ಲಕ್ಷ ಕೂಡಿಸಲು 11 ವರ್ಷ ಆಯಿತಲ್ವಾ, ಒಂದು ದಿನ ಕೂತರೆ ನಷ್ಟವಿಲ್ಲ.

ಇನ್ನೊಂದು ಮಾತು, ಕಂಪನಿ ತೋರಿಸುವ ಅಂಗಡಿಗೆ ಹೋಗಬೇಡಿ. ಅವರು ತೋರಿಸುವುದು ಚೆನ್ನಾಗಿ ನಡೆಯುವ ಮೂರು ಅಂಗಡಿಗಳನ್ನೇ. ಎರಡು ವರ್ಷದ ಹಿಂದೆ ತೆರೆದ ಎಲ್ಲಾ ಅಂಗಡಿಗಳ ಪಟ್ಟಿ ಕೇಳಿ, ಮುಚ್ಚಿದ್ದೂ ಸೇರಿ. ಕೊಡದಿದ್ದರೆ ಗೂಗಲ್ ಮ್ಯಾಪಿನಲ್ಲಿ ಆ ಹೆಸರು ಹಾಕಿ ಹುಡುಕಿ, ಶಾಶ್ವತವಾಗಿ ಮುಚ್ಚಿದೆ ಅಂತ ಎಷ್ಟು ಕಡೆ ಬರುತ್ತದೆ ನೋಡಿ. ಮುಚ್ಚಿದವನೊಬ್ಬ ಸಿಕ್ಕರೆ ಅವನಿಗೆ ಒಂದು ಊಟ ಕೊಡಿಸಿ. ನಡೆಸುತ್ತಿರುವವನು ನಿಜ ಹೇಳಲು ಹಿಂದೆ ಮುಂದೆ ನೋಡುತ್ತಾನೆ, ಯಾಕೆಂದರೆ ಅವನಿಗೂ ಅಂಗಡಿಯನ್ನು ಯಾರಿಗಾದರೂ ದಾಟಿಸುವ ಆಸೆ ಇರಬಹುದು. ಮುಚ್ಚಿದವನಿಗೆ ಮುಚ್ಚಿಡಲು ಏನೂ ಇರುವುದಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಫ್ರಾಂಚೈಸಿ ಬರೀ ಮೋಸ, ಸ್ವಂತದ್ದೇ ಲಾಭ ಅಂತ ನಾನು ಹೇಳುತ್ತೇನೆ ಅಂದುಕೊಂಡಿರುತ್ತೀರಿ. ಲೆಕ್ಕ ಹಾಗೆ ಹೇಳುವುದಿಲ್ಲ. ಸ್ವಂತ ಅಂಗಡಿಗೂ ಅದೇ ಬಾಡಿಗೆ, ಅದೇ ಇಬ್ಬರು ಕೆಲಸದವರು ಅಂತ ಹಿಡಿದರೆ, 54 ಸಾವಿರ ಖರ್ಚು ದಾಟಲು ದಿನಕ್ಕೆ 300 ಕಪ್ ಹೋಗಬೇಕು. ಫ್ರಾಂಚೈಸಿಗೆ 270 ಸಾಕು, ಯಾಕೆಂದರೆ ಬೆಲೆ 15. ಅಂದರೆ ದಿನದ ಲೆಕ್ಕದಲ್ಲಿ ಫ್ರಾಂಚೈಸಿಯೇ ಸ್ವಲ್ಪ ಮುಂದೆ. ಮಾರ್ಕೆಟಿಂಗ್ ಹುಡುಗ ನಿಮಗೆ ತೋರಿಸುವುದೂ ಈ ಲೆಕ್ಕವನ್ನೇ, ಸುಳ್ಳೇನೂ ಅಲ್ಲ.

ಅವನು ಬಿಡುವುದು ಬೇರೆ ಒಂದು ಸಾಲು. ಅಗ್ರಿಮೆಂಟ್ ಮೂರು ವರ್ಷದ್ದು ಅಂತ ಇಟ್ಟುಕೊಳ್ಳಿ. ಫೀ, ಅದರ ಜಿಎಸ್‌ಟಿ, ಅಂಗಡಿಗೆ ಹೊಡೆಸಿದ ಬಣ್ಣ, ಇದ್ಯಾವುದೂ ವಾಪಸ್ ಬರುವುದಿಲ್ಲ. ಅವರ ಹೆಸರು ಕೊರೆದ ಕೌಂಟರನ್ನು ಮಾರಲು ಹೋದರೆ ಮೂರರಲ್ಲಿ ಒಂದು ಪಾಲು ಸಿಕ್ಕರೆ ಪುಣ್ಯ. ಎಲ್ಲಾ ಸೇರಿ ಐದೂವರೆ ಲಕ್ಷ ಮುಳುಗಿದ ದುಡ್ಡು. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 15 ಸಾವಿರ, ಅಂದರೆ ದಿನಕ್ಕೆ ಇನ್ನೂ 75 ಕಪ್. ಈಗ 270 ಹೋಗಿ 345 ಆಯಿತು. ನಿಮ್ಮ ಸಂಬಳ ಇನ್ನೂ ಇದರಲ್ಲಿ ಸೇರಿಲ್ಲ.

ಸ್ವಂತ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಸ್ಟೀಲ್ ಕೌಂಟರು, ಎರಡು ಬರ್ನರಿನ ಒಲೆ, ಹಾಲಿನ ಪಾತ್ರೆಗಳು, ಫ್ರಿಜ್ಜು, ಒಂದು ಬೋರ್ಡು ಎಲ್ಲಾ ಸೇರಿ ಒಂದೂವರೆ ಲಕ್ಷ. ಅಡ್ವಾನ್ಸ್ ಅದೇ ಒಂದೂವರೆ ಲಕ್ಷ. ವೈರಿಂಗು, ನಲ್ಲಿಗೆ 40 ಸಾವಿರ, ಮಾಲಿಗೆ 15 ಸಾವಿರ. 3 ಲಕ್ಷ 55 ಸಾವಿರದಲ್ಲಿ ಬಾಗಿಲು ತೆರೆಯುತ್ತೀರಿ. ಸಾಮಾನು ಯಾರ ಹೆಸರೂ ಇಲ್ಲದ ಮಾಮೂಲಿ ಸಾಮಾನು, ಅರ್ಧ ಬೆಲೆಗಾದರೂ ಹೋಗುತ್ತದೆ. ಮುಳುಗುವುದು ಸುಮಾರು ಒಂದೂಕಾಲು ಲಕ್ಷ, ಅಷ್ಟೇ.

ಈಗ ಆ 50 ಸಾವಿರಕ್ಕೆ ಬರೋಣ. ಹೊಸ ಅಂಗಡಿಗೆ ಮೊದಲ ಮೂರ್ನಾಲ್ಕು ತಿಂಗಳು ದಿನಕ್ಕೆ 150 ಕಪ್ ಹೋದರೆ ಅದು ಮಾಮೂಲು, ಸೋಲಲ್ಲ. ಜನ ಟೀ ಕುಡಿಯುವ ಜಾಗವನ್ನು ಅಷ್ಟು ಬೇಗ ಬದಲಾಯಿಸುವುದಿಲ್ಲ. 150 ಕಪ್ಪಿಗೆ ಫ್ರಾಂಚೈಸಿಯಲ್ಲಿ ತಿಂಗಳಿಗೆ 24 ಸಾವಿರ ಕೈಯಿಂದ ಹೋಗುತ್ತದೆ. ಸ್ವಂತದ್ದರಲ್ಲಿ 27 ಸಾವಿರ. ನೋಡಿ, ಇಲ್ಲೂ ಸ್ವಂತದ್ದರ ನಷ್ಟವೇ ಜಾಸ್ತಿ. ಆದರೆ ಫ್ರಾಂಚೈಸಿಯಲ್ಲಿ ನಿಮ್ಮ ಕೈಯಲ್ಲಿ ಉಳಿದದ್ದು 50 ಸಾವಿರ, ಎರಡು ತಿಂಗಳಿಗೆ ಖಾಲಿ. ಮೂರನೇ ತಿಂಗಳ ಬಾಡಿಗೆಗೆ ಹೆಂಡತಿಯ ಒಡವೆ ಅಡ ಇಡಬೇಕು. ಸ್ವಂತದ್ದರಲ್ಲಿ ಉಳಿದದ್ದು 5 ಲಕ್ಷ 45 ಸಾವಿರ, ಹೀಗೇ ನಷ್ಟ ಆಗುತ್ತಾ ಹೋದರೂ 20 ತಿಂಗಳು ತಡೆಯುತ್ತದೆ. ಮನೆ ಖರ್ಚಿಗೆ ತಿಂಗಳಿಗೆ 20 ಸಾವಿರ ಅದರಿಂದಲೇ ತೆಗೆದರೂ 11 ತಿಂಗಳು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. 9 ಲಕ್ಷ ಇಟ್ಟುಕೊಂಡವರಿಗೆ ಫ್ರಾಂಚೈಸಿ ದುಬಾರಿಯಾಗುವುದು ಲಾಭ ಕಮ್ಮಿ ಅಂತ ಅಲ್ಲ, ಕೆಟ್ಟ ತಿಂಗಳುಗಳನ್ನು ತಡೆಯುವ ದುಡ್ಡನ್ನು ಅದು ಮೊದಲ ದಿನವೇ ನುಂಗಿಬಿಡುತ್ತದೆ ಅಂತ. ಇದೇ ಫ್ರಾಂಚೈಸಿಯನ್ನು 25 ಲಕ್ಷ ಇದ್ದವನು ಕೇಳಿದ್ದರೆ ನಾನು ಇಷ್ಟು ಹೆದರಿಸುತ್ತಿರಲಿಲ್ಲ.

ಬ್ರ್ಯಾಂಡಿನ ಹೆಸರಿಗೇ ಜನ ಬರುತ್ತಾರೆ, 150 ಅಲ್ಲ, ಮೊದಲ ದಿನದಿಂದಲೇ 350 ಅಂತ ಅವರು ವಾದಿಸಬಹುದು. ಬರುತ್ತಾರಾ? ಅದನ್ನು ಹಾಸನದಲ್ಲೇ ಪರೀಕ್ಷೆ ಮಾಡಿ. ಬಸ್ ಸ್ಟ್ಯಾಂಡ್ ಹತ್ತಿರ, ಸಾಲಗಾಮೆ ರಸ್ತೆಯ ಕಾಲೇಜುಗಳ ಹತ್ತಿರ ಇಪ್ಪತ್ತು ಜನರನ್ನು ನಿಲ್ಲಿಸಿ ಆ ಹೆಸರು ಹೇಳಿ. ಹತ್ತು ಜನಕ್ಕೆ ಗೊತ್ತಿದ್ದರೆ ಮುಂದಿನ ಮಾತು. ಇಬ್ಬರಿಗೆ ಗೊತ್ತಿದ್ದರೆ ನೀವು ಅವರಿಗೆ ದುಡ್ಡು ಕೊಟ್ಟು ಹಾಸನದಲ್ಲಿ ಅವರ ಹೆಸರನ್ನು ಬೆಳೆಸಿಕೊಡುತ್ತಿದ್ದೀರಿ ಅಂತ ಅರ್ಥ. ನಂದಿನಿ ಬೂತಿನ ವಿಷಯ ಬೇರೆ. ಅಲ್ಲಿ ಜನ ಹೆಸರು ಹೇಳಿಯೇ ಕೇಳುತ್ತಾರೆ, ಬೇರೆ ಹಾಲು ಕೊಟ್ಟರೆ ಮುಖ ನೋಡುತ್ತಾರೆ. ಅಂಥ ಹೆಸರಿಗೆ ದುಡ್ಡು ಕೊಟ್ಟರೂ ಒಂದು ಅರ್ಥ ಇದೆ. ನಮ್ಮ ಕಡೆ ಟೀಗೆ ಜನ ಹೋಗುವುದು ಹೆಸರು ನೋಡಿ ಅಲ್ಲ, ಗಾಡಿ ನಿಲ್ಲಿಸಲು ಜಾಗ ಇದೆಯಾ, ನೆರಳು ಇದೆಯಾ, ಟೀ ಬಿಸಿ ಇದೆಯಾ ಅಂತ ನೋಡಿ.

ಹಾಸನ ಅಂದ ಮೇಲೆ ಇನ್ನೊಂದು. ಇದು ಕಾಫಿ ಸೀಮೆ. ಅತ್ತ ಸಕಲೇಶಪುರ, ಇತ್ತ ಬೇಲೂರು. ಬೆಳಗ್ಗೆ ಬರುವ ಗಿರಾಕಿಗಳಲ್ಲಿ ಎಷ್ಟು ಜನ ಕಾಫಿ ಕೇಳುತ್ತಾರೆ ಅಂತ ಯಾವ ಹೋಟೆಲಿನಲ್ಲಿ ಬೇಕಾದರೂ ನಿಂತು ನೋಡಿ. ಹೊರ ರಾಜ್ಯದ ಟೀ ಬ್ರ್ಯಾಂಡಿನ ಮೆನುವಿನಲ್ಲಿ ಹತ್ತು ಬಗೆಯ ಟೀ ಇರುತ್ತದೆ, ಚಾಕಲೇಟ್ ಟೀ ಕೂಡ ಇರುತ್ತದೆ, ಕಾಫಿ ಮಾತ್ರ ಸ್ಯಾಶೆಯಿಂದ ಬರುತ್ತದೆ. ಡಿಕಾಕ್ಷನ್ ಹಾಕಿ ನಿಮ್ಮ ಕಾಫಿ ನೀವೇ ಮಾರುತ್ತೀರಿ ಅಂದರೆ ಅಗ್ರಿಮೆಂಟ್ ಬಿಡುವುದಿಲ್ಲ. ಬೈಟು ಕೇಳಿದರೂ ಅವರ ಕಪ್ಪಿನ ಲೆಕ್ಕ ತಪ್ಪುತ್ತದೆ. ಹತ್ತಿರದ ಬೇಕರಿಯಿಂದ ದಿಲ್‌ಪಸಂದ್ ತಂದಿಡುವ ಹಾಗಿಲ್ಲ, ಸಂಜೆ ಮಳೆ ಬಂದಾಗ ಬೋಂಡ ಹಾಕುವ ಹಾಗಿಲ್ಲ. ಸ್ವಂತ ಅಂಗಡಿಯಲ್ಲಿ ಟೀ ಓಡಲಿಲ್ಲ ಅಂದರೆ ಎರಡನೇ ತಿಂಗಳೇ ತಟ್ಟೆ ಇಡ್ಲಿ ಇಡಬಹುದು. ಹೆಲ್ಪರನ್ನು ಬಿಟ್ಟು ನೀವೇ ನಿಲ್ಲಬಹುದು. ಜಾಗ ಸರಿಯಿಲ್ಲ ಅನಿಸಿದರೆ ಇದೇ ಸಾಮಾನು ಆಟೋದಲ್ಲಿ ಹಾಕಿಕೊಂಡು ಇನ್ನೊಂದು ರಸ್ತೆಗೆ ಹೋಗಬಹುದು. ಈ ಸ್ವಾತಂತ್ರ್ಯವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ, ಆದರೆ ನನ್ನ ಗಿರಾಕಿಗಳಲ್ಲಿ ಉಳಿದುಕೊಂಡವರು ಬಹುತೇಕ ಇದರಿಂದಲೇ ಉಳಿದವರು. (ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳ ಜನಜಂಗುಳಿ ನೋಡಿ ಮಾತ್ರ ಲೆಕ್ಕ ಹಾಕಬೇಡಿ. ಅದು ವರ್ಷದಲ್ಲಿ ಕೆಲವೇ ದಿನ. ಹಾಗೇ ಕಾಲೇಜು ರಸ್ತೆಯಾದರೆ ರಜೆಯ ತಿಂಗಳು ಪೂರ್ತಿ ಖಾಲಿ ಅಂತಲೇ ಹಿಡಿಯಿರಿ.)

ಅಗ್ರಿಮೆಂಟಿನ ಬಗ್ಗೆ ನನ್ನದೇ ಒಂದು ಕಥೆ ಹೇಳುತ್ತೇನೆ. 2015ರಲ್ಲಿ ತುಮಕೂರಿನಲ್ಲಿ ನಾನೂ ಒಂದು ಜ್ಯೂಸ್ ಬ್ರ್ಯಾಂಡಿನ ಅಂಗಡಿ ತೆಗೆದುಕೊಂಡಿದ್ದೆ. ಹೆಸರು ಬೇಡ. ನಿಮ್ಮ ಏರಿಯಾದಲ್ಲಿ ಬೇರೆ ಯಾರಿಗೂ ಕೊಡಲ್ಲ ಸರ್ ಅಂತ ಬಾಯಲ್ಲಿ ಹೇಳಿದರು. ಅಗ್ರಿಮೆಂಟಿನಲ್ಲಿ ಏರಿಯಾ ಅಂತ ಇತ್ತು, ಎಷ್ಟು ಕಿಲೋಮೀಟರ್ ಅಂತ ಇರಲಿಲ್ಲ. ಒಂಬತ್ತನೇ ತಿಂಗಳಿಗೆ ನನ್ನ ಅಂಗಡಿಯಿಂದ ನಡೆದು ಹೋದರೆ ಹತ್ತು ನಿಮಿಷ, ಅಲ್ಲಿ ಅದೇ ಬೋರ್ಡು ಬಂತು. ಕೇಳಿದರೆ ಅದು ಬೇರೆ ಏರಿಯಾ ಅಂದರು. ವಕೀಲರ ಹತ್ತಿರ ಹೋದೆ, ತಕರಾರು ಇದ್ದರೆ ಅವರ ಊರಿನಲ್ಲೇ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥರ ಮುಂದೆ ತೀರ್ಮಾನ, ಅಂತ ಹದಿನಾಲ್ಕನೇ ಪುಟದಲ್ಲಿ ಬರೆದಿತ್ತು. ರೈಲು ಖರ್ಚು, ವಕೀಲರ ಖರ್ಚು ಲೆಕ್ಕ ಹಾಕಿ ಸುಮ್ಮನಾದೆ. ತಪ್ಪು ನನ್ನದೂ ಇತ್ತು, ಆ ಪುಟವನ್ನು ನಾನು ಓದಿರಲಿಲ್ಲ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಅಮೆರಿಕದಲ್ಲಾದರೆ ಸಹಿಗೆ ಕನಿಷ್ಠ 14 ದಿನ ಮುಂಚೆ ಕಂಪನಿ ತನ್ನ ಲೆಕ್ಕ, ಕೇಸುಗಳು, ಬಿಟ್ಟುಹೋದ ಫ್ರಾಂಚೈಸಿಗಳ ವಿವರ ಇರುವ ದಾಖಲೆ ಕೊಡಲೇಬೇಕು. ಇಲ್ಲಿ ಹಾಗೆ ಕಡ್ಡಾಯ ಇಲ್ಲ. ಎಲ್ಲಾ 1872ರ ಕರಾರು ಕಾಯ್ದೆಯ ಮೇಲೆ ನಡೆಯುತ್ತದೆ, ಅಂದರೆ ಕಾಗದದ ಮೇಲೆ ಏನಿದೆಯೋ ಅದೇ. ಬಾಯಲ್ಲಿ ಹೇಳಿದ 60 ಸಾವಿರ ಲಾಭ ಅಗ್ರಿಮೆಂಟಿನಲ್ಲಿ ಇರುವುದಿಲ್ಲ, ಬದಲಿಗೆ "ಯಾವುದೇ ಆದಾಯದ ಭರವಸೆ ನೀಡಿಲ್ಲ" ಅಂತ ಒಂದು ಸಾಲು ಇರುತ್ತದೆ. ಹುಡುಕಿ, ಸಿಗುತ್ತದೆ.

ಬಿಟ್ಟ ಮೇಲೆ ಎರಡು ವರ್ಷ ಟೀ ವ್ಯಾಪಾರವನ್ನೇ ಮಾಡಬಾರದು ಅಂತಲೂ ಬರೆದಿರುತ್ತಾರೆ. ಇದಕ್ಕೆ ಜಾಸ್ತಿ ಹೆದರಬೇಕಿಲ್ಲ. ಅದೇ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ಕಸುಬನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಆದರೆ ಅಗ್ರಿಮೆಂಟ್ ನಡೆಯುತ್ತಿರುವಾಗ ಬೇರೆ ಬ್ರ್ಯಾಂಡು ಮಾರಬಾರದು ಅನ್ನುವ ಷರತ್ತು ನಡೆಯುತ್ತದೆ, 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೂಲ್ ಡ್ರಿಂಕ್ಸ್ ಬಾಟಲಿಂಗ್ ಕೇಸಿನಲ್ಲಿ ಹಾಗೇ ಹೇಳಿದೆ. ಬಿಟ್ಟ ಮೇಲೆ ಅವರ ಹೆಸರು, ಬೋರ್ಡು, ರೆಸಿಪಿ ಬಳಸುವಂತಿಲ್ಲ, ಅದಂತೂ ಸರಿಯೇ.

ಬಹಳ ಜನ ಗಮನಿಸದ ಒಂದು ಎಡವಟ್ಟು ಬಾಡಿಗೆ ಕರಾರಿನದು. ನಮ್ಮ ಕಡೆ ಅಂಗಡಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಫ್ರಾಂಚೈಸಿ ಮೂರು ವರ್ಷದ್ದು. ಮಾಲೀಕರ ಮಗನಿಗೆ ಮೊಬೈಲ್ ಅಂಗಡಿ ಹಾಕಬೇಕು ಅನಿಸಿದರೆ ಹನ್ನೆರಡನೇ ತಿಂಗಳು ನೀವು ಹೊರಗೆ. ಆಗ ಫೀ ವಾಪಸ್ ಇಲ್ಲ, ಹೊಸ ಜಾಗಕ್ಕೆ ಮತ್ತೆ ಸೆಟಪ್ ಖರ್ಚು ಬೇರೆ. ಫ್ರಾಂಚೈಸಿಗೇ ಹೋಗುವುದಾದರೆ ಮೊದಲು ಮೂರು ವರ್ಷಕ್ಕೆ ನೋಂದಣಿ ಆದ ಬಾಡಿಗೆ ಕರಾರು ಮಾಡಿಸಿಕೊಂಡು ಆಮೇಲೆ ಅವರಿಗೆ ದುಡ್ಡು ಕಟ್ಟಿ.

ಆ ಹೆಸರು ನಿಜವಾಗಿ ಅವರದೇನಾ ಅಂತಲೂ ನೋಡಿ. ipindia.gov.in ನಲ್ಲಿ ಟ್ರೇಡ್‌ಮಾರ್ಕ್ ಹುಡುಕುವ ಜಾಗ ಇದೆ, ಹೋಟೆಲು-ತಿಂಡಿಯ ಸೇವೆಗೆ 43ನೇ ಕ್ಲಾಸ್. ರಿಜಿಸ್ಟರ್ ಆಗಿದೆಯಾ, ಇನ್ನೂ ಅರ್ಜಿಯ ಹಂತದಲ್ಲೇ ಇದೆಯಾ, ಯಾರಾದರೂ ತಕರಾರು ಹಾಕಿದ್ದಾರಾ ಎಲ್ಲಾ ಕಾಣುತ್ತದೆ. ಕಾಸು ಖರ್ಚಿಲ್ಲ. ಅರ್ಜಿಯ ಹಂತದಲ್ಲಿರುವ ಹೆಸರಿಗೆ ಎರಡೂವರೆ ಲಕ್ಷ ಕೊಡುವುದು ಖಾತೆ ಆಗದ ಸೈಟಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಫೋನ್ ಬಂದಿದ್ದರೆ ಇನ್ನೂ ಹುಷಾರು. ಅಮುಲ್ ಹೆಸರಿನಲ್ಲೇ ನಕಲಿ ವೆಬ್‌ಸೈಟು ಮಾಡಿ ಫ್ರಾಂಚೈಸಿ ಕೊಡುತ್ತೇವೆ ಅಂತ ದುಡ್ಡು ಕಿತ್ತವರಿದ್ದಾರೆ, ಆ ಸಂಸ್ಥೆಯೇ ಜನರನ್ನು ಎಚ್ಚರಿಸಿತ್ತು.

ಈಗ ನಿಮ್ಮ ಭಾಮೈದನ ಮಾತಿಗೆ ಬರುತ್ತೇನೆ. ಹೋಟೆಲಲ್ಲಿ ಕೆಲಸ ಮಾಡಿದವನು ಅಂದಿರಿ. ಏನು ಕೆಲಸ? ಒಲೆ ಮುಂದೆ ನಿಂತಿದ್ದನೋ, ಸಪ್ಲೈ ಮಾಡುತ್ತಿದ್ದನೋ, ಗಲ್ಲಾದಲ್ಲಿ ಕೂರುತ್ತಿದ್ದನೋ? ನನ್ನ ಸಲಹೆ ಪೂರ್ತಿ ಈ ಉತ್ತರದ ಮೇಲೆ ನಿಂತಿದೆ. ಸ್ವಂತ ಟೀ ಅಂಗಡಿಗಳು ಮುಚ್ಚುವುದು ಬ್ರ್ಯಾಂಡ್ ಇಲ್ಲ ಅಂತ ಅಲ್ಲ, ಮಾಸ್ಟರ್ ಬಿಟ್ಟು ಹೋದ ಅಂತ. ಊರಿಗೆ ಹೋಗಿ ಬರುತ್ತೇನೆ ಅಂದವನು ಬರುವುದಿಲ್ಲ, ಹೊಸಬ ಬಂದು ಬೇರೆ ರುಚಿ ಮಾಡುತ್ತಾನೆ, ದಿನಾ ಬರುವವರಲ್ಲಿ ಅರ್ಧ ಜನ ಎದುರಿನ ಅಂಗಡಿಗೆ ಹೋಗುತ್ತಾರೆ. ಫ್ರಾಂಚೈಸಿಯವರ ಅಳತೆ ಪುಡಿಯಲ್ಲಿ ಈ ತೊಂದರೆ ಕಮ್ಮಿ, ಇದನ್ನು ನಾನು ಒಪ್ಪುತ್ತೇನೆ. ಅದಕ್ಕೇ ನೀವೂ ಭಾಮೈದನೂ ಇಬ್ಬರೂ ಒಲೆ ಮುಂದೆ ನಿಲ್ಲಲು ಬರಬೇಕು. ಭಾಮೈದನಿಗೆ ಬಂದರೆ ಸಾಲದು, ಅವನೂ ಒಂದು ದಿನ ಬಿಟ್ಟು ಹೋಗಬಹುದು. ಅಂಗಡಿ ಯಾರ ಹೆಸರಲ್ಲಿ, ಅವನಿಗೆ ಸಂಬಳವೋ ಪಾಲೋ, ಇದನ್ನು ಬಾಗಿಲು ತೆರೆಯುವ ಮುಂಚೆಯೇ ಒಂದು ಕಾಗದದಲ್ಲಿ ಬರೆದಿಡಿ. ಹೆಂಡತಿ ಕಡೆಯವರ ಹತ್ತಿರ ಕಾಗದ ಅಂದರೆ ಮುಜುಗರ ಆಗುತ್ತದೆ, ಗೊತ್ತು. ಆಮೇಲೆ ಆಗುವ ಮುಜುಗರ ಇದಕ್ಕಿಂತ ದೊಡ್ಡದು.

ನಾನು ನಿಮ್ಮ ಜಾಗದಲ್ಲಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ತಿಂಗಳು ಯಾವುದಾದರೂ ಓಡುವ ಟೀ ಅಂಗಡಿಯಲ್ಲಿ ಬೆಳಗ್ಗೆ ಐದೂವರೆಗೆ ಹೋಗಿ ಸಂಬಳ ಇಲ್ಲದೆ ಆದರೂ ಕೆಲಸ ಮಾಡುತ್ತಿದ್ದೆ. 11 ವರ್ಷ ಶಿಫ್ಟ್ ಮಾಡಿದವರಿಗೆ ಎದ್ದೇಳುವುದು ಕಷ್ಟ ಆಗಲಿಕ್ಕಿಲ್ಲ. ನಿಂತೇ ಇರುವುದು ಕಷ್ಟ. ಬೇರೆ ಊರಿನಲ್ಲಿ ಮಾಡಿ, ಹಾಸನದಲ್ಲಿ ಮಾಡಿದರೆ ನಾಳೆ ಪೈಪೋಟಿಗೆ ಬರುತ್ತಾನೆ ಅಂತ ಕಲಿಸುವುದಿಲ್ಲ.

ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೆ ಕಂಪನಿಯವರು ಉಳಿದದ್ದಕ್ಕೆ ಲೋನ್ ಮಾಡಿಸೋಣ ಸರ್ ಅಂತ ಖಂಡಿತ ಹೇಳುತ್ತಾರೆ. 4 ಲಕ್ಷ, 12%, 5 ವರ್ಷ ಅಂದರೆ ಕಂತು ತಿಂಗಳಿಗೆ 8,900 ರೂಪಾಯಿ. ಅದಕ್ಕೇ ದಿನಕ್ಕೆ ಇನ್ನೂ 44 ಕಪ್. ಕೈಯಲ್ಲಿ ದುಡ್ಡು ಉಳಿಸಿಕೊಳ್ಳಲು ಸಾಲ ಮಾಡಿದರೆ ಒಂದು ಮಾತು, ಫೀ ಕಟ್ಟಲು ಸಾಲ ಮಾತ್ರ ಬೇಡ. ಸ್ವಂತದ್ದಕ್ಕೆ ಸಾಲ ಬೇಕು ಅನಿಸಿದರೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಸಾಲ ಯೋಜನೆ ವಿಚಾರಿಸಿ, ಅದರಲ್ಲಿ ಸಬ್ಸಿಡಿ ಇದೆ. ಅದು ಹೊಸ ಘಟಕಗಳಿಗೆ ಮಾತ್ರ, ಅಂಗಡಿ ತೆರೆದು ಆಮೇಲೆ ಅರ್ಜಿ ಹಾಕಿದರೆ ಆಗುವುದಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ಬುಕಿಂಗ್ ಅಮೌಂಟ್ ಅಂತ 25 ಸಾವಿರವೋ 50 ಸಾವಿರವೋ ಈಗಾಗಲೇ ಕೊಟ್ಟಿದ್ದೀರಾ, ಅದನ್ನು ನೀವು ಬರೆದಿಲ್ಲ. ಕೊಟ್ಟಿದ್ದರೆ ರಸೀದಿಯಲ್ಲಿ ವಾಪಸ್ ಬರುತ್ತದೆ ಅಂತ ಇದೆಯಾ ನೋಡಿ. ಇಲ್ಲದಿದ್ದರೂ, ಕೊಟ್ಟಾಗಿದೆಯಲ್ಲ ಅಂತ ಉಳಿದ ನಾಲ್ಕೂಮುಕ್ಕಾಲು ಲಕ್ಷ ಕಟ್ಟಬೇಡಿ. ರೇಟ್ ಲಿಸ್ಟ್ ಕೈಗೆ ಬಂದರೆ, ಅದರ ಜೊತೆ ನೀವು ಹೋಗಿ ನೋಡಿದ ಊರಿನಲ್ಲಿ ಬೆಳಗ್ಗೆ ಎಷ್ಟು ಲೀಟರ್ ಹಾಲು ಇಳಿಯುತ್ತದೆ ಅನ್ನುವುದನ್ನು ಬರೆದು ಕಳಿಸಿ. ಆ ಎರಡು ಇದ್ದರೆ ನಿಮ್ಮ ಲೆಕ್ಕವನ್ನು ಅಂದಾಜಿನಲ್ಲಲ್ಲ, ನಿಜವಾದ ಅಂಕಿಯಲ್ಲಿ ಹಾಕಿ ಕೊಡುತ್ತೇನೆ.